ಮೇಲೆ ಸಾಲು, ಅಡಿಯಲ್ಲಿ ಕಾಣೆ: ಕೈ ಕ್ವಿಲ್ಟಿಂಗ್‌ನಲ್ಲಿ ಅಡಿ ಹೊಲಿಗೆ ತಪ್ಪುವುದೇಕೆ, ಹುಡುಕುವುದು ಹೇಗೆ

ದೋಷ ಇದು: ಮೇಲ್ಬಟ್ಟೆಯಲ್ಲಿ ಹೊಲಿಗೆ ಒಂದೇ ಅಳತೆಯಲ್ಲಿ ಸಾಲಾಗಿ ಕೂತಿರುತ್ತದೆ. ಕ್ವಿಲ್ಟ್ ತಿರುಗಿಸಿದರೆ ಅಡಿಬಟ್ಟೆಯಲ್ಲಿ ಒಂದು ಹೊಲಿಗೆ ಉದ್ದ, ಇನ್ನೊಂದು ಚುಕ್ಕಿಯಷ್ಟು, ಮುಂದಿನದು ಇಲ್ಲವೇ ಇಲ್ಲ. ಕೈ ಕ್ವಿಲ್ಟಿಂಗ್ ಕಲಿಯುವವರು ನನ್ನ ಬಳಿ ತರುವ ತೊಂದರೆಗಳಲ್ಲಿ ಹೆಚ್ಚಿನವು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ಹಾಗಾಗಿ ಈ ಒಂದನ್ನೇ ಪೂರ್ತಿ ಬಿಡಿಸುತ್ತೇನೆ.

ಮೊದಲು ಯಾವ ಕೆಲಸದ ಮಾತು ಎಂಬುದು ಸ್ಪಷ್ಟವಿರಲಿ. ಮೇಲ್ಬಟ್ಟೆ, ನಡುವೆ ವ್ಯಾಡಿಂಗ್, ಕೆಳಗೆ ಅಡಿಬಟ್ಟೆ, ಹೀಗೆ ಮೂರು ಪದರ. ಮೂರನ್ನೂ ಸೇರಿಸಿ ಕಚ್ಚಾ ಹೊಲಿಗೆ ಹಾಕಿ, 14 ಅಂಗುಲದ ಮರದ ಫ್ರೇಮಿಗೆ ಕೂರಿಸಿ, ಗಿಡ್ಡ ಸೂಜಿಯನ್ನು ನಡುಬೆರಳಿನ ಥಿಂಬಲ್‌ನಿಂದ ಮೇಲೆ ಕೆಳಗೆ ತೂಗುತ್ತಾ ಒಂದೇ ಸಲಕ್ಕೆ ಮೂರು ನಾಲ್ಕು ಹೊಲಿಗೆ ಸೂಜಿಗೆ ಏರಿಸಿಕೊಂಡು ಎಳೆಯುವ ಪದ್ಧತಿ. ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲೂ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕವಂದಿಯಲ್ಲೂ ಫ್ರೇಮ್ ಇಲ್ಲ. ಬಟ್ಟೆ ತೊಡೆಯ ಮೇಲೋ ನೆಲದ ಮೇಲೋ ಇರುತ್ತದೆ, ಒಂದು ಕೈ ಬಟ್ಟೆಯನ್ನು ಮಡಿಸಿ ಮಡಿಸಿ ಕೊಡುತ್ತದೆ, ಸೂಜಿ ಮಲಗಿಯೇ ಸಾಗುತ್ತದೆ. ಪದರಗಳೆಲ್ಲ ಹಳೆಯ ಮೆತ್ತನೆ ಬಟ್ಟೆಗಳಾದ್ದರಿಂದ ಅಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಮನೆಯಲ್ಲಿ ಕೌದಿ ಹೊಲಿದು ಬಂದ ಕೈ ಫ್ರೇಮಿನ ಮೇಲೆ ಕೂತಾಗ ಅಭ್ಯಾಸಬಲದಿಂದ ಸೂಜಿಯನ್ನು ಮಲಗಿಸಿಬಿಡುತ್ತದೆ. ದೋಷದ ಬೇರು ಬಹಳ ಸಲ ಅಲ್ಲಿರುತ್ತದೆ.

ಅಡಿ ಹೊಲಿಗೆ ಸಣ್ಣದಾಗುವುದು ಹೇಗೆ

ಸೂಜಿ ಬಟ್ಟೆಯನ್ನು ತೂರುವಾಗ ಅದಕ್ಕೆ ದಾಟಬೇಕಾದ ದಪ್ಪ ಒಂದಿದೆ. ಮೂರು ಪದರವೂ ಬೆರಳುಗಳ ನಡುವೆ ಒತ್ತಿದ ಮೇಲೆ ಸುಮಾರು 1 ಮಿ.ಮೀ. ಉಳಿಯಿತು ಎನ್ನಿ. ಸೂಜಿ ನೆಟ್ಟಗೆ ಇಳಿದರೆ ಮೇಲೆ ಚುಚ್ಚಿದ ಜಾಗದ ಸರಿಯಾಗಿ ಕೆಳಗೇ ಅಡಿಬಟ್ಟೆ ತೂರುತ್ತದೆ. 45 ಡಿಗ್ರಿ ಓರೆಯಾಗಿ ಇಳಿದರೆ ಅದು ವ್ಯಾಡಿಂಗ್ ಒಳಗೇ 1 ಮಿ.ಮೀ. ಮುಂದೆ ಸಾಗಿ ಆಮೇಲೆ ಅಡಿಬಟ್ಟೆ ಮುಟ್ಟುತ್ತದೆ. ಮೇಲೆ ಬರುವಾಗಲೂ ಅಷ್ಟೇ ಓರೆಯಿದ್ದರೆ ಇನ್ನೊಂದು 1 ಮಿ.ಮೀ. ಒಳಗೇ ಕರಗಿಹೋಗುತ್ತದೆ.

ಈಗ ಮೇಲೆ 3 ಮಿ.ಮೀ. ಹೊಲಿಗೆ, 3 ಮಿ.ಮೀ. ತೆರಪು ಇರುವ ಸಾಲು ತೆಗೆದುಕೊಳ್ಳಿ. ಮೇಲಿನ ತೆರಪು ಎಲ್ಲಿದೆಯೋ ಅಲ್ಲೇ ಅಡಿಯ ಹೊಲಿಗೆ ಬೀಳುವುದು. ಸೂಜಿ ನೆಟ್ಟಗೆ ಇಳಿದು ನೆಟ್ಟಗೆ ಹತ್ತಿದರೆ ಅಡಿಯಲ್ಲೂ 3 ಮಿ.ಮೀ. ಹೊಲಿಗೆ. ನೆಟ್ಟಗೆ ಇಳಿದು ಓರೆಯಾಗಿ ಹತ್ತಿದರೆ 2. ಎರಡೂ ಓರೆಯಾದರೆ 1 ಮಿ.ಮೀ. ಮಾತ್ರ, ಅದರ ಪಕ್ಕದ ತೆರಪು 5 ಮಿ.ಮೀ.ಗೆ ಹಿಗ್ಗಿರುತ್ತದೆ. ಗಮನಿಸಬೇಕಾದ್ದು ಏನೆಂದರೆ ಹೊಲಿಗೆ ಮತ್ತು ತೆರಪು ಕೂಡಿಸಿದರೆ ಅಡಿಯಲ್ಲೂ 6 ಮಿ.ಮೀ.ಯೇ. ಮೇಲಿನ ಲೆಕ್ಕ ಕೆಡುವುದೇ ಇಲ್ಲ, ಹಾಗಾಗಿ ಮೇಲೆ ನೋಡಿ ಈ ದೋಷ ಪತ್ತೆಯಾಗುವುದೂ ಇಲ್ಲ.

ಇದರಿಂದ ಇನ್ನೊಂದು ವಿಷಯ ತಾನಾಗಿ ಹೊರಬರುತ್ತದೆ. ಅದೇ ಓರೆಯಲ್ಲಿ, ಅದೇ ದಪ್ಪದಲ್ಲಿ, ಹೊಲಿಗೆಯನ್ನು 2 ಮಿ.ಮೀ.ಗೆ ಇಳಿಸಿ ನೋಡಿ. ಅಡಿಯಲ್ಲಿ ಉಳಿಯುವುದು ಸೊನ್ನೆ. ಸೂಜಿ ವ್ಯಾಡಿಂಗ್ ಒಳಗೇ ಓಡಾಡಿ ಮೇಲೆ ಬಂದಿರುತ್ತದೆ. ಅಂಗುಲಕ್ಕೆ ಎಂಟು, ಹತ್ತು ಹೊಲಿಗೆ ಎಂದು ನುರಿತವರ ಎಣಿಕೆ ಕೇಳಿ ಹೊಸಬರು ಹೊಲಿಗೆ ಸಣ್ಣ ಮಾಡಲು ಹೊರಟ ದಿನವೇ ಅಡಿ ಹೊಲಿಗೆ ಮಾಯವಾಗತೊಡಗುವುದು ಇದಕ್ಕೇ. ನನ್ನ ಅಭಿಪ್ರಾಯ ಕೇಳಿದರೆ, ಕೋನ ಕೈಗೆ ಕೂರುವವರೆಗೆ 3 ಮಿ.ಮೀ.ಗಿಂತ ಕೆಳಗೆ ಇಳಿಯಲೇಬಾರದು. ಅಂಗುಲಕ್ಕೆ ನಾಲ್ಕೈದು ಸಮನಾದ ಹೊಲಿಗೆ ನೋಡಲು ಚೆನ್ನಾಗಿರುತ್ತದೆ. ಅಂಗುಲಕ್ಕೆ ಎಂಟಿದ್ದು ಅಡಿಯಲ್ಲಿ ಮೂರೇ ಸಿಕ್ಕಿಕೊಂಡಿದ್ದರೆ ಆ ಎಂಟಕ್ಕೆ ಬೆಲೆಯಿಲ್ಲ.

ಹತ್ತುವ ಸೂಜಿ ಪೂರ್ತಿ ನೆಟ್ಟಗಾಗುವುದು ಕಷ್ಟ. ಒಳ್ಳೆಯ ಕೈಯಲ್ಲೂ ಅಡಿ ಹೊಲಿಗೆ ಮೇಲಿನದಕ್ಕಿಂತ ಕೊಂಚ ಸಣ್ಣದೇ ಇರುತ್ತದೆ. ಮೇಲೆ 3 ಇದ್ದಾಗ ಅಡಿಯಲ್ಲಿ 2ರಿಂದ 2.5 ಬಂದು ಎಲ್ಲವೂ ಸಮನಾಗಿದ್ದರೆ ಅದು ದೋಷವಲ್ಲ, ಬಿಟ್ಟುಬಿಡಿ.

ಅಡಿಬಟ್ಟೆ ಓದುವುದು

ಸೂಜಿ ಬದಲಿಸುವ ಮೊದಲು, ಥಿಂಬಲ್ ಬೈಯುವ ಮೊದಲು, ಫ್ರೇಮ್ ತಿರುಗಿಸಿ ಹೊಲಿದ ಒಂದು ಸಾಲಿನ ಅಡಿಯನ್ನು ಸ್ಕೇಲ್ ಇಟ್ಟು ಅಳೆಯಿರಿ. ಎಲ್ಲಿ ಒಂದು ಸಲದ ಎಳೆತ ಮುಗಿದು ಮುಂದಿನದು ಶುರುವಾಯಿತು ಎಂಬುದನ್ನು ಸೀಮೆಸುಣ್ಣದಲ್ಲಿ ಗುರುತಿಸಿಕೊಂಡರೆ ಕೆಲಸ ಇನ್ನೂ ಸುಲಭ. ಇದಕ್ಕಾಗಿ ಒಂದು ಸಾಲನ್ನು ಹೊಸದಾಗಿ ಹೊಲಿದು, ಪ್ರತಿ ಸಲ ಎಳೆದಾಗಲೂ ಮೇಲೆ ಗುರುತು ಹಾಕಿ, ಅದೇ ಜಾಗದಲ್ಲಿ ಗುಂಡುಪಿನ್ನು ತೂರಿಸಿ ಅಡಿಯಲ್ಲಿ ಕಂಡುಕೊಳ್ಳಿ.

ಅಡಿ ಹೊಲಿಗೆ ಎಲ್ಲವೂ ಒಂದೇ ರೀತಿ ಸಣ್ಣದಾಗಿದ್ದರೆ ಇಳಿಯುವ ಕೋನವೇ ಓರೆ. ಪ್ರತಿ ಎಳೆತದ ಮೊದಲನೆಯದು ಸರಿಯಿದ್ದು, ಎರಡನೆಯದು ಸಣ್ಣದಾಗಿ, ಮೂರು ನಾಲ್ಕನೆಯದು ತಪ್ಪಿದ್ದರೆ ಸೂಜಿ ಪ್ರತಿ ಹೊಲಿಗೆಯ ನಂತರ ಮತ್ತೆ ನೆಟ್ಟಗೆ ನಿಲ್ಲುತ್ತಿಲ್ಲ ಎಂದರ್ಥ. ಲಯವೇ ಇಲ್ಲದೆ ಅಲ್ಲೊಂದು ಇಲ್ಲೊಂದು ಕಾಣೆಯಾಗಿದ್ದರೆ ಕೆಳಗಿನ ಬೆರಳಿಗೆ ಮೊನೆ ತಾಗುತ್ತಿಲ್ಲ, ಇಲ್ಲವೇ ಆ ಜಾಗದಲ್ಲಿ ಪದರ ದಪ್ಪವಾಗಿದೆ. ಒಂದು ದಿಕ್ಕಿನ ಸಾಲು ಸರಿ, ಇನ್ನೊಂದು ದಿಕ್ಕಿನದು ಕೆಟ್ಟಿದೆ ಎಂದಾದರೆ ಅದು ಬರೀ ಕೂರುವ ರೀತಿ. ಬಲಗೈಯವರಿಗೆ ಬಲದಿಂದ ಎಡಕ್ಕೂ, ತಮ್ಮ ಕಡೆಗೂ ಹೊಲಿಯುವುದು ಸಲೀಸು. ಉಳಿದ ದಿಕ್ಕಿಗೆ ಮಣಿಕಟ್ಟು ತಿರುಚುವ ಬದಲು ಫ್ರೇಮನ್ನೇ ತಿರುಗಿಸಿಕೊಳ್ಳಬೇಕು.

ಅಡಿ ಹೊಲಿಗೆ ಮೇಲಿನದಕ್ಕಿಂತ ಉದ್ದವಾಗಿ, ಸಡಿಲವಾಗಿ ಬೀಳುವುದೂ ಉಂಟು. ಮಗುವಿನ ಕಾಲುಗುರು ಸಿಕ್ಕಿಕೊಳ್ಳುವಂಥವು. ಬೆರಳಿಗೆ ಚುಚ್ಚೀತೆಂಬ ಹೆದರಿಕೆಯಲ್ಲಿ ಕೆಳಗಿನ ಬೆರಳನ್ನು ದೂರ ಇಟ್ಟುಕೊಂಡಾಗ ಮೊನೆ ಅಗತ್ಯಕ್ಕಿಂತ ಹೆಚ್ಚು ಹೊರಬಂದು, ತಡವಾಗಿ ಹಿಂದಿರುಗುವುದರಿಂದ ಇದಾಗುತ್ತದೆ.

ಒಂದು ಕ್ವಿಲ್ಟ್, ಒಂದೊಂದೇ ಕಾರಣ

ವಿಜಯನಗರದಲ್ಲಿರುವ ನನ್ನ ಓರಗಿತ್ತಿ ಅಣ್ಣನ ಮಗುವಿಗೆಂದು ತೊಟ್ಟಿಲ ಅಳತೆಯ ಕ್ವಿಲ್ಟ್ ಹೊಲಿಯುತ್ತಿದ್ದಳು. ಮೇಲ್ಬಟ್ಟೆಗೆ ಚಿಕ್ಕಪೇಟೆಯಲ್ಲಿ ತಂದ ಮೆತ್ತನೆಯ ಕಾಟನ್ ಪ್ರಿಂಟು, ನಡುವೆ ತೆಳು ಪಾಲಿಯೆಸ್ಟರ್ ವ್ಯಾಡಿಂಗ್, ಅಡಿಗೆ ಮನೆಯಲ್ಲಿ ಬಿಚ್ಚದೇ ಇಟ್ಟಿದ್ದ ಹೊಸ ಬೆಡ್‌ಶೀಟು. ಮೇಲಿನ ಕೆಲಸ ಅಚ್ಚುಕಟ್ಟು. ಅಡಿ ನೋಡಿ ಅವಳಿಗೆ ಅಳುವೇ ಬಂದಿತ್ತು.

"ಅಕ್ಕ, ಥಿಂಬಲ್ಲೇ ಸರಿಯಿಲ್ಲ ಅನ್ಸುತ್ತೆ. ಬೇರೆ ತಗೊಂಬಿಡ್ಲಾ?" ಅಂದಳು.

"ತಗೊಳ್ಳೋದು ಆಮೇಲೆ. ಮೊದಲು ತಿರುಗಿಸಿ ತೋರಿಸೇ."

ಅಡಿಯಲ್ಲಿ ಅಳೆದಾಗ ಪ್ರತಿ ಎಳೆತಕ್ಕೆ ನಾಲ್ಕು ಹೊಲಿಗೆಯ ಲೆಕ್ಕ ಹೀಗಿತ್ತು: ಮೊದಲನೆಯದು 2 ಮಿ.ಮೀ., ಎರಡನೆಯದು ಒಂದೂವರೆ, ಮೂರನೆಯದು ಚುಕ್ಕಿ, ನಾಲ್ಕನೆಯದು ಇಲ್ಲ. ಮತ್ತೆ 2, ಒಂದೂವರೆ, ಚುಕ್ಕಿ, ಇಲ್ಲ. ಲಯ ಇಷ್ಟು ನಿಯಮಿತವಾಗಿದ್ದಾಗ ಬಟ್ಟೆಯ ಗಂಟನ್ನೋ ಬೆರಳಿನ ಗಮನವನ್ನೋ ದೂರಬೇಕಾಗಿಲ್ಲ. ಎಳೆತದಿಂದ ಎಳೆತಕ್ಕೆ ಮರುಕಳಿಸುವ ದೋಷ ತೂಗುವ ಚಲನೆಯಲ್ಲೇ ಇರುತ್ತದೆ.

ಚಲನೆ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ಸೂಜಿಯ ಹಿಂತುದಿ ಥಿಂಬಲ್‌ನ ಗುಳಿಯಲ್ಲಿ ಕೂತಿರಬೇಕು. ಸೂಜಿಯನ್ನು ನೆಟ್ಟಗೆ ನಿಲ್ಲಿಸಿ ಒತ್ತಿದಾಗ ಕೆಳಗಿನ ಕೈಯ ಬೆರಳಿಗೆ ಮೊನೆ ಸಣ್ಣಗೆ ತಾಗುತ್ತದೆ. ತಾಗಿದ ತಕ್ಷಣ ಥಿಂಬಲ್ ಬೆರಳು ಸೂಜಿಯ ಹಿಂತುದಿಯನ್ನು ಬಟ್ಟೆಯ ಕಡೆಗೆ ಮಲಗಿಸುತ್ತದೆ, ಕೆಳಗಿನ ಬೆರಳು ಬಟ್ಟೆಯನ್ನು ಮೇಲಕ್ಕೆ ಗುಡ್ಡದಂತೆ ಎತ್ತುತ್ತದೆ, ಮೇಲಿನ ಕೈಯ ಹೆಬ್ಬೆರಳು ಆ ಗುಡ್ಡದ ಮುಂದಿನ ಬಟ್ಟೆಯನ್ನು ಕೆಳಗೆ ಒತ್ತುತ್ತದೆ. ಸೂಜಿ ಮಲಗಿದ್ದರೂ ಗುಡ್ಡದ ಇಳಿಜಾರು ಕಡಿದಾಗಿರುವುದರಿಂದ ಮೊನೆ ಬಟ್ಟೆಯನ್ನು ಹೆಚ್ಚುಕಡಿಮೆ ನೇರವಾಗಿಯೇ ತೂರಿ ಮೇಲೆ ಬರುತ್ತದೆ. ಓರೆಯನ್ನು ಕಳೆಯುವುದು ಈ ಗುಡ್ಡವೇ. ಮೊನೆ ಕಣ್ಣಿಗೆ ಬಿದ್ದ ಕೂಡಲೇ ನಿಲ್ಲಿಸಿ, ಸೂಜಿಯನ್ನು ಮತ್ತೆ ಪೂರ್ತಿ ನೆಟ್ಟಗೆ ತರಬೇಕು, ಆಮೇಲೆ ಮುಂದಿನ ಇಳಿತ.

ಇಲ್ಲಿ ಎರಡು ಜಾಗದಲ್ಲಿ ಅವಳ ಕೆಲಸ ಕೆಡುತ್ತಿರಬಹುದಿತ್ತು: ಗುಡ್ಡ ಏಳುತ್ತಿಲ್ಲ, ಅಥವಾ ಸೂಜಿ ಹಿಂದಿರುಗಿ ನೆಟ್ಟಗೆ ನಿಲ್ಲುತ್ತಿಲ್ಲ. ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ, ಕೈ ಬೇಗ ಓಡುತ್ತದೆ. ಫ್ರೇಮಿನ ಪಕ್ಕಕ್ಕೆ, ಬಟ್ಟೆಯ ಮಟ್ಟಕ್ಕೇ, ಲೋಟಕ್ಕೆ ಒರಗಿಸಿ ಮೊಬೈಲ್ ಇಟ್ಟು ನಿಧಾನಗತಿಯ ವಿಡಿಯೊ ತೆಗೆದೆವು. ಮೇಲಿನಿಂದ ತೆಗೆದ ವಿಡಿಯೊದಲ್ಲಿ ಕೋನ ಕಾಣುವುದಿಲ್ಲ, ಪಕ್ಕದಿಂದಲೇ ಬೇಕು. ನೋಡಿದರೆ ಮೊದಲ ಇಳಿತ ನೆಟ್ಟಗಿತ್ತು. ಎರಡನೆಯದು ಓರೆ, ನಾಲ್ಕನೆಯ ಹೊತ್ತಿಗೆ ಸೂಜಿ ಬಟ್ಟೆಗೆ ಅಂಟಿದಂತೆ ಮಲಗಿಯೇ ಇತ್ತು. ಗುಡ್ಡವಂತೂ ಎಲ್ಲೂ ಎದ್ದಿರಲಿಲ್ಲ.

ಗುಡ್ಡ ಏಳದಿದ್ದರೆ ಮೊದಲು ಮುಟ್ಟಿ ನೋಡಬೇಕಾದ್ದು ಫ್ರೇಮಿನ ಬಿಗಿ. ಅವಳದು ತಮಟೆಯ ಹಾಗೆ ಬಿಗಿದಿತ್ತು. ಕಸೂತಿಗೆ ಬಟ್ಟೆ ಬಿಗಿ ಬೇಕು, ಆ ಅಭ್ಯಾಸ ಇಲ್ಲಿಗೂ ಬಂದಿತ್ತು. ತೂಗುವ ಹೊಲಿಗೆಗೆ ಅಷ್ಟು ಬಿಗಿ ಇದ್ದರೆ ಕೆಳಗಿನ ಬೆರಳು ಎಷ್ಟು ಒತ್ತಿದರೂ ಬಟ್ಟೆ ಏಳುವುದಿಲ್ಲ. ಬಟ್ಟೆ ಚಪ್ಪಟೆ ನಿಂತರೆ ಹತ್ತುವ ಸೂಜಿ ಓರೆಯಾಗಲೇಬೇಕು. ಅಷ್ಟೇ ಅಲ್ಲ, ಸೂಜಿಯ ಮೇಲೆ ಒಂದೆರಡು ಹೊಲಿಗೆ ಏರಿದ ಮೇಲೆ ಬಿಗಿದ ಬಟ್ಟೆ ಸೂಜಿಯನ್ನು ಹಿಡಿದುಕೊಳ್ಳುತ್ತದೆ, ನೆಟ್ಟಗೆ ತರಲು ಬಿಡುವುದಿಲ್ಲ. ಅವಳ ಲೆಕ್ಕ ಹೊಲಿಗೆಯಿಂದ ಹೊಲಿಗೆಗೆ ಇಳಿಯುತ್ತಾ ಹೋಗುತ್ತಿದ್ದದ್ದು ಅದಕ್ಕೇ.

ತಿರುಪು ಸಡಿಲಿಸಿ, ಫ್ರೇಮಿನ ನಡುವೆ ಅಂಗೈ ಇಟ್ಟು ಮೆಲ್ಲನೆ ಒತ್ತಿ, ಬಟ್ಟೆ ಒಂದೂವರೆ ಎರಡು ಸೆಂ.ಮೀ. ತಗ್ಗುವವರೆಗೆ ಸಡಿಲ ಕೊಟ್ಟೆವು. ಇಷ್ಟು ಸಡಿಲ ನೋಡಲು ಸೋಮಾರಿ ಕೆಲಸದಂತೆ ಕಾಣುತ್ತದೆ, ಅಡ್ಡಿಯಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಸಡಿಲಿಸಿದಾಗ ಮೂರೂ ಪದರ ಒಟ್ಟಿಗೆ ಸಡಿಲಾಗಬೇಕು. ಕಚ್ಚಾ ಹೊಲಿಗೆ ದೂರ ದೂರ ಇದ್ದರೆ ಅಡಿಬಟ್ಟೆ ಮಾತ್ರ ಜೋತುಬಿದ್ದು ಹೊಸ ತೊಂದರೆ ಹುಟ್ಟುತ್ತದೆ. ಅವಳದು ಸುಮಾರು 10 ಸೆಂ.ಮೀ.ಗೊಂದು ಸಾಲಿನಂತೆ ಎರಡೂ ದಿಕ್ಕಿಗೆ ಹಾಕಿದ್ದರಿಂದ ಆ ಯೋಚನೆ ಇರಲಿಲ್ಲ.

ಬೇರೆ ಏನನ್ನೂ ಬದಲಿಸದೆ ಒಂದು ಸಾಲು ಹೊಲಿಸಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎನ್ನುವುದನ್ನು ನಾನು ಬಿಡುವುದಿಲ್ಲ, ಯಾಕೆಂದರೆ ಸೂಜಿ, ಫ್ರೇಮು, ಥಿಂಬಲ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ, ಮುಂದಿನ ಕ್ವಿಲ್ಟಿನಲ್ಲಿ ಮತ್ತೆ ಅದೇ ಕಥೆ. ಹೊಸ ಸಾಲಿನ ಅಡಿಯಲ್ಲಿ ನಾಲ್ಕೂ ಹೊಲಿಗೆ ಕಂಡವು. ಮೊದಲೆರಡು 2 ಮಿ.ಮೀ., ಮೂರನೆಯದು ಒಂದೂವರೆ, ನಾಲ್ಕನೆಯದು 1. ಇಳಿಜಾರು ಇನ್ನೂ ಇತ್ತು, ಕಡಿದಾಗಿರಲಿಲ್ಲ.

ಇನ್ನು ಥಿಂಬಲ್ ಸರದಿ. ಅವಳ ಸಂಶಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ವಿಡಿಯೊದಲ್ಲಿ ಮೂರನೆಯ ಹೊಲಿಗೆಯ ಹೊತ್ತಿಗೆ ಅವಳ ಹೆಬ್ಬೆರಳೂ ತೋರುಬೆರಳೂ ಸೂಜಿಯನ್ನು ಹಿಡಿದುಕೊಂಡುಬಿಟ್ಟಿದ್ದವು. ಬೆರಳುಗಳು ಸೂಜಿ ಹಿಡಿದರೆ ಅದು ತೂಗುವುದಿಲ್ಲ, ಮಾಮೂಲಿ ಹೊಲಿಗೆಯಂತೆ ಮುಂದಕ್ಕೆ ತಳ್ಳಲ್ಪಡುತ್ತದೆ. ಬಟ್ಟೆ ಒತ್ತಬೇಕಾದ ಹೆಬ್ಬೆರಳಿಗೂ ಬಿಡುವಿಲ್ಲ. ಕೈ ಹೀಗೆ ಯಾಕೆ ಮಾಡುತ್ತದೆ ಎಂದರೆ ಎರಡೇ ಕಾರಣ. ಸೂಜಿ ಥಿಂಬಲ್‌ನಲ್ಲಿ ನಿಲ್ಲುತ್ತಿಲ್ಲ, ಇಲ್ಲವೇ ಬಟ್ಟೆ ಸೂಜಿಯನ್ನು ಬಿಡುತ್ತಿಲ್ಲ.

ಥಿಂಬಲ್ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಬೆರಳಿಗೆ ಹಾಕಿ ಕೈ ಕೆಳಗೆ ಮಾಡಿ ಒಮ್ಮೆ ಕೊಡವಿ, ಬೀಳಬಾರದು. ಬೆರಳ ತುದಿ ಒಳಗೆ ತಳಕ್ಕೆ ಮೆಲ್ಲಗೆ ತಾಗಬೇಕು. ಉಗುರು ಉದ್ದವಿದ್ದರೆ ತಾಗುವುದು ಉಗುರೇ, ಬೆರಳಲ್ಲ, ಆಗ ಹಿಡಿತ ಸಿಗದು. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಬೆರಳು ಕೊಂಚ ಊದಿರುತ್ತದೆ, ಬೆಳಗ್ಗೆ ಸರಿಹೋದ ಥಿಂಬಲ್ ಆಗ ಬಿಗಿ ಅನಿಸಿದರೆ ಆಶ್ಚರ್ಯವಿಲ್ಲ. ಆಮೇಲೆ ಗುಳಿಗಳನ್ನು ನೋಡಿ. ಸೂಜಿಯ ಹಿಂತುದಿಯನ್ನು ಒಂದು ಗುಳಿಯಲ್ಲಿ ಇಟ್ಟು, ಮೊನೆಯನ್ನು ದಪ್ಪ ಬಟ್ಟೆಯ ಮಡಿಕೆಗೆ ಊರಿ, ಕೈಯನ್ನು ನೆಟ್ಟಗಿನಿಂದ ಮಲಗುವವರೆಗೆ ತೂಗಿ. ಸೂಜಿ ಅದೇ ಗುಳಿಯಲ್ಲೇ ಉಳಿದರೆ ಸರಿ. ಜಾರಿ ಪಕ್ಕಕ್ಕೆ ಹೋದರೆ, ಥಿಂಬಲ್ ಮೇಲೆ ಗೀರುಗಳಿದ್ದರೆ, ಗುಳಿ ಆಳ ಸಾಲದು. ಅಲಂಕಾರಕ್ಕೆ ಮಾಡಿದ, ಗುಳಿ ಬರೀ ಚುಕ್ಕಿಯಂತಿರುವ ತೆಳು ಥಿಂಬಲ್‌ಗಳು ಈ ಕೆಲಸಕ್ಕೆ ಬಾರವು. ತುದಿಯ ಸುತ್ತ ಎತ್ತರದ ಅಂಚಿರುವ ಥಿಂಬಲ್ ಈ ಹೊಲಿಗೆಗೆಂದೇ ಇದೆ, ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ದರ್ಜಿಗಳ ತುದಿ ತೆರೆದ ಥಿಂಬಲ್‌ನಲ್ಲಿ ಒತ್ತುವುದು ಪಕ್ಕದಿಂದ, ಅದರಲ್ಲಿ ಸೂಜಿಯನ್ನು ನೆಟ್ಟಗೆ ನಿಲ್ಲಿಸಲು ಕೈಗೆ ಬೇರೆಯೇ ಪಾಠ ಬೇಕಾಗುತ್ತದೆ.

ಅವಳ ಥಿಂಬಲ್ ಈ ಪರೀಕ್ಷೆಗಳಲ್ಲಿ ಪಾಸಾಯಿತು. ಉಳಿದದ್ದು ಬಟ್ಟೆ.

ಬಟ್ಟೆಯನ್ನು ಕೈಯಿಂದ ಬೇರೆ ಮಾಡಿ ನೋಡಲು ಒಂದು ತುಂಡು ಬೇಕು. ಅದೇ ಮೇಲ್ಬಟ್ಟೆ, ಅದೇ ವ್ಯಾಡಿಂಗ್, ಅಡಿಗೆ ಮಾತ್ರ ಹಳೆಯ ಮಲ್ಮಲ್ ಪಂಚೆಯ ತುಂಡು ಇಟ್ಟು, ಫ್ರೇಮಿಗೆ ಸಾಕಾಗುವಷ್ಟು ದೊಡ್ಡದಾಗಿ ಒಂದು ಮಾದರಿ ಮಾಡಿಸಿದೆ. ಅದೇ ಸೂಜಿ, ಅದೇ ಸಡಿಲ. ನಾಲ್ಕೂ ಹೊಲಿಗೆ ಅಡಿಯಲ್ಲಿ ಎರಡೂವರೆಯ ಆಸುಪಾಸು ಬಂದವು. ಹೆಬ್ಬೆರಳು ಸೂಜಿ ಹಿಡಿಯಲೇ ಇಲ್ಲ. ಅಂದರೆ ಕೈಗೆ ಚಲನೆ ಗೊತ್ತು, ಬೆಡ್‌ಶೀಟು ಬಿಡುತ್ತಿಲ್ಲ.

ಬೆಡ್‌ಶೀಟಿನ ಬಟ್ಟೆ ಕೈ ಕ್ವಿಲ್ಟಿಂಗ್‌ಗೆ ಯಾಕೆ ಬೇಡ ಎಂದರೆ ಅದರ ನೇಯ್ಗೆ ಒತ್ತಾಗಿರುತ್ತದೆ. ಎಳೆಗಳ ನಡುವೆ ಸೂಜಿಗೆ ದಾರಿ ಇರುವುದಿಲ್ಲ, ಪ್ರತಿ ಸಲವೂ ಒತ್ತಡ ಹಾಕಿಯೇ ತೂರಬೇಕು. ಎಳೆ ಎಣಿಕೆ ಹೆಚ್ಚಿದಷ್ಟೂ ಹಾಸಿಗೆಗೆ ಚೆಂದ, ಸೂಜಿಗೆ ಕಷ್ಟ. ಬಾಟಿಕ್ ಬಟ್ಟೆಯೂ ಸಾಮಾನ್ಯವಾಗಿ ಹೀಗೇ. ಅದರ ಮೇಲೆ ಹೊಸ ಬಟ್ಟೆಗೆ ಗಂಜಿ, ಫಿನಿಶಿಂಗ್ ಇರುತ್ತದೆ. ಮೊದಲೇ ಬಿಸಿನೀರಿನಲ್ಲಿ ಒಗೆದಿದ್ದರೆ ಅದು ಬಿಟ್ಟುಹೋಗಿ ಬಟ್ಟೆ ಎಷ್ಟೋ ಮೆತ್ತಗಾಗುತ್ತಿತ್ತು. ಮೂರು ಪದರ ಕೂಡಿಸಿ ಅರ್ಧ ಹೊಲಿದ ಮೇಲೆ ಒಗೆಯುವ ಹಾಗಿಲ್ಲ. ಅಡಿಬಟ್ಟೆ ಆರಿಸುವಾಗ ಅಂಗಡಿಯಲ್ಲೇ ಒಂದು ಸೂಜಿ ತೆಗೆದು ಬಟ್ಟೆಯ ಅಂಚಿಗೆ ಚುಚ್ಚಿ ನೋಡಿ, 'ಟಪ್' ಅಂತ ಸದ್ದಾದರೆ ಆ ಬಟ್ಟೆ ಬೇಡ. ಚಿಕ್ಕಪೇಟೆಯ ಅಂಗಡಿಯವರು ಇದನ್ನು ನೋಡಿ ಹುಬ್ಬೇರಿಸಬಹುದು, ಕೇಳಿ ಚುಚ್ಚಿದರೆ ಬೇಡ ಅನ್ನುವವರು ಕಡಿಮೆ.

ಬಟ್ಟೆ ಬದಲಿಸಲಾಗದಿದ್ದಾಗ ಉಳಿಯುವ ದಾರಿ ಸೂಜಿ. ಕ್ವಿಲ್ಟಿಂಗಿಗೆ ಬಳಸುವ ಗಿಡ್ಡ ಸೂಜಿಗೆ 'ಬಿಟ್ವೀನ್ಸ್' ಅನ್ನುತ್ತಾರೆ. ಅದರಲ್ಲಿ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ, ತೆಳು. ಕಲಿಯುವವರಿಗೆ 8 ಅಥವಾ 9, ಕೈ ಕುದುರಿದ ಮೇಲೆ 10, ಬಹಳ ಸಣ್ಣ ಹೊಲಿಗೆಯವರು 12ರವರೆಗೂ ಹೋಗುತ್ತಾರೆ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕೈಸೂಜಿ ಎಂದು ಕೇಳಿದರೆ ಸಾಮಾನ್ಯವಾಗಿ ಉದ್ದ ಸೂಜಿಯ ಪೊಟ್ಟಣ ಕೊಡುತ್ತಾರೆ. ಉದ್ದ ಸೂಜಿ ತೂಗುವಾಗ ಬಾಗುತ್ತದೆ, ಥಿಂಬಲ್ ಬೆರಳಿಗೂ ಹೆಬ್ಬೆರಳಿಗೂ ದೂರ ಹೆಚ್ಚಾಗಿ ಗುಡ್ಡ ಒತ್ತಲು ಕೈ ಎಟುಕುವುದಿಲ್ಲ. ಓರಗಿತ್ತಿಯದು 8ನೇ ನಂಬರಿನದೇ ಆಗಿತ್ತು, ಆದರೆ ಮೊನೆ ಕೆಟ್ಟಿತ್ತು. ಮಳೆಗಾಲದಲ್ಲಿ ಪಿನ್‌ಕುಶನ್‌ಗೆ ಚುಚ್ಚಿಟ್ಟ ಸೂಜಿಗೆ ಕಣ್ಣಿಗೆ ಕಾಣದಷ್ಟು ತುಕ್ಕು ಹಿಡಿಯುತ್ತದೆ. ಹಳೆಯ ಶಿಫಾನ್ ಸೆರಗಿನ ಮೇಲೆ ಮೊನೆಯನ್ನು ಹಗುರವಾಗಿ ಎಳೆದೆವು, ಎಳೆ ಸಿಕ್ಕಿಕೊಂಡಿತು. ಅಷ್ಟು ಸಾಕು ಸೂಜಿ ಎಸೆಯಲು.

ಹೊಸ 10ನೇ ನಂಬರಿನ ಸೂಜಿ ಹಾಕಿ, ನಾಲ್ಕರ ಬದಲು ಒಂದು ಸಲಕ್ಕೆ ಮೂರೇ ಹೊಲಿಗೆ ಏರಿಸಲು ಹೇಳಿದೆ. ತೆಳು ಸೂಜಿಯನ್ನು ಒತ್ತು ಬಟ್ಟೆ ಅಷ್ಟು ಹಿಡಿಯುವುದಿಲ್ಲ. ಆದರೆ ಅದು ಬೇಗ ಬಾಗುತ್ತದೆ, ಮುರಿಯಲೂಬಹುದು. ಬಾಗಿದ್ದನ್ನು ನೇರ ಮಾಡಿ ಬಳಸಬೇಡಿ, ಬಾಗಿದ ಸೂಜಿ ತನ್ನ ಕಡೆಗೇ ಕೋನ ತಿರುಗಿಸುತ್ತದೆ. ಅಡಿಯಲ್ಲಿ ಈಗ ಮೊದಲೆರಡು 2.5, ಮೂರನೆಯದು 2. ಬೆಡ್‌ಶೀಟಿನ ಮೇಲೆ ಅದಕ್ಕಿಂತ ಹೆಚ್ಚು ಕೇಳುವುದು ದುರಾಸೆ. ನಾಲ್ಕನೆಯ ಹೊಲಿಗೆಯನ್ನು ಬಿಟ್ಟಿದ್ದಕ್ಕೆ ಕೆಲಸ ಕೊಂಚ ನಿಧಾನವಾಯಿತು ಎಂದು ಅವಳು ಗೊಣಗಿದ್ದು ನಿಜ.

ಲಯವಿಲ್ಲದೆ ತಪ್ಪಿದರೆ

ಅವಳ ಕ್ವಿಲ್ಟಿನಲ್ಲಿ ಇದು ಬರಲಿಲ್ಲ, ಆದರೂ ಬಹಳ ಜನರಿಗೆ ಬರುತ್ತದೆ. ಕೆಳಗಿನ ಬೆರಳಿಗೆ ಮೊನೆ ತಾಗಿದ್ದು ತಿಳಿಯದಿದ್ದರೆ ಸೂಜಿ ಅಡಿಬಟ್ಟೆ ತೂರಿತೋ ಇಲ್ಲವೋ ಹೇಳಲಾಗದು. ನೋವಿಗೆ ಹೆದರಿ ದಪ್ಪ ಚರ್ಮದ ಹೊದಿಕೆ ಹಾಕಿಕೊಂಡವರಿಗೆ ಇದು ಖಾತ್ರಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಕಾಗದದಂಥ ಅಂಟುಪಟ್ಟಿಯನ್ನು ಬೆರಳ ತುದಿಗೆ ಒಂದೇ ಸುತ್ತು ಹಾಕಿದರೆ ಚರ್ಮ ಉಳಿಯುತ್ತದೆ, ಸ್ಪರ್ಶವೂ ಉಳಿಯುತ್ತದೆ. ಎರಡು ಸುತ್ತು ಹಾಕಿದರೆ ಅದೂ ಚರ್ಮದಷ್ಟೇ ಮಂಕು. ರಕ್ತ ಬರುವಷ್ಟು ಚುಚ್ಚಬೇಕಿಲ್ಲ, ಮೊನೆ ತಾಗಿದ್ದು ಗೊತ್ತಾದರೆ ಸಾಕು. ತೊಟ್ಟು ರಕ್ತ ಬಟ್ಟೆಗೆ ತಾಗಿದರೆ ಆ ಕ್ಷಣವೇ ತಣ್ಣೀರು ಹಚ್ಚಿ, ಬಿಸಿನೀರು ಮುಟ್ಟಿಸಬೇಡಿ.

ನಡುವೆ ಹಿಂಜಿದ ಹತ್ತಿ ಹರಡಿದ್ದರೆ ಅದರ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ, ಬೀಜದ ಸಿಪ್ಪೆಯೂ ಸಿಕ್ಕೀತು. ಬೆಳಕಿಗೆ ಹಿಡಿದು ನೋಡಿದರೆ ಗಂಟು ಕಪ್ಪಾಗಿ ಕಾಣುತ್ತದೆ. ತಪ್ಪಿದ ಹೊಲಿಗೆಗಳು ಆ ಕಪ್ಪಿನ ಮೇಲೇ ಇದ್ದರೆ ದೂರು ಕೈಯದಲ್ಲ.

ಇನ್ನೊಂದು ಜಾಗ ಮೇಲ್ಬಟ್ಟೆಯ ತುಂಡುಗಳು ಸೇರುವ ಕೂಡು. ಅಲ್ಲಿ ಒಳಗೆ ಮಡಚಿದ ಅಂಚುಗಳಿರುತ್ತವೆ, ನಾಲ್ಕು ಮೂಲೆ ಸೇರುವಲ್ಲಂತೂ ಇನ್ನೂ ಹೆಚ್ಚು. ಆ ದಪ್ಪದಲ್ಲಿ ತೂಗುವ ಹೊಲಿಗೆ ನಡೆಯುವುದಿಲ್ಲ, ನಡೆಸಲು ಹೋಗಬೇಡಿ. ಕೂಡಿಗೆ ಬಂದಾಗ ಅದುವರೆಗಿನದನ್ನು ಎಳೆದು ಮುಗಿಸಿ, ಒಂದೊಂದೇ ಹೊಲಿಗೆಯನ್ನು ಚುಚ್ಚಿ ಹಾಕಿ: ಸೂಜಿಯನ್ನು ಮೇಲಿನಿಂದ ನೆಟ್ಟಗೆ ಇಳಿಸಿ ಕೆಳಗಿನ ಕೈಯಿಂದ ಪೂರ್ತಿ ಎಳೆದುಕೊಳ್ಳಿ, ಒಂದು ಹೊಲಿಗೆಯಷ್ಟು ಮುಂದೆ ಕೆಳಗಿನಿಂದ ನೆಟ್ಟಗೆ ಮೇಲೆ ಚುಚ್ಚಿ. ಕೂಡು ದಾಟಿದ ಮೇಲೆ ಮತ್ತೆ ತೂಗಿ. ಹೊಲಿಗೆಯ ಗೆರೆಯನ್ನು ಕೂಡಿನಿಂದ ಕಾಲಂಗುಲ ದೂರಕ್ಕೆ ಬರೆದುಕೊಂಡರೆ ಈ ಕಾಟ ಬಹುಪಾಲು ತಪ್ಪುತ್ತದೆ.

ಆಗಲೇ ಹೊಲಿದದ್ದನ್ನು ಏನು ಮಾಡುವುದು

ಓರಗಿತ್ತಿಯ ಮುಂದಿನ ಪ್ರಶ್ನೆ ಇದೇ ಆಗಿತ್ತು. "ಎಲ್ಲಾ ಬಿಚ್ಚಬೇಕಾ ಅಕ್ಕ?"

ಎಲ್ಲ ಬೇಡ. ಅಡಿಯಲ್ಲಿ ಒಂಟಿ ಹೊಲಿಗೆ ತಪ್ಪಿದ್ದರೆ ಅಲ್ಲಿ ದಾರ ವ್ಯಾಡಿಂಗ್ ಒಳಗೇ ಇರುತ್ತದೆ, ಹೊರಗೆ ಜೋತುಬೀಳುವುದಿಲ್ಲ. ಅಕ್ಕಪಕ್ಕದ ಹೊಲಿಗೆಗಳು ಹಿಡಿದಿದ್ದರೆ ಆ ಒಂದರಿಂದ ತೊಂದರೆಯಿಲ್ಲ. ಚುಕ್ಕಿಯಷ್ಟೇ ಹಿಡಿದದ್ದೂ ಹಿಡಿದದ್ದೇ. ಅವಳ ನಾಲ್ಕಕ್ಕೊಂದು ತಪ್ಪಿದ ಸಾಲುಗಳನ್ನು ಹಾಗೇ ಬಿಡಲು ಹೇಳಿದೆ. ಸಾಲಾಗಿ ಮೂರು ನಾಲ್ಕು ತಪ್ಪಿದಲ್ಲಿ ಮಾತ್ರ ಬಿಚ್ಚಿಸಿದೆ, ಯಾಕೆಂದರೆ ಮಗುವಿನ ಕ್ವಿಲ್ಟ್ ಮತ್ತೆ ಮತ್ತೆ ಒಗೆತಕ್ಕೆ ಬೀಳುತ್ತದೆ, ಹಿಡಿತವಿಲ್ಲದ ಜಾಗದಲ್ಲಿ ಪದರ ಜರುಗುತ್ತದೆ. ಅಡಿಯಲ್ಲಿ ಉದ್ದ ಬಿದ್ದ ಹೊಲಿಗೆಗಳನ್ನು ಕೂಡ ಮಗುವಿನ ಕ್ವಿಲ್ಟಿನಲ್ಲಿ ಬಿಡಬಾರದು, ಬೆರಳು ಸಿಕ್ಕೀತು.

ಬಿಚ್ಚುವಾಗ ಕತ್ತರಿಸಿ ತುಂಡು ದಾರ ಉಳಿಸಬೇಡಿ. ಕೆಟ್ಟ ಜಾಗದ ನಡುವೆ ಒಂದು ಕಡೆ ಮೇಲಿನ ಹೊಲಿಗೆ ಕತ್ತರಿಸಿ, ಸೂಜಿಯ ಹಿಂತುದಿಯಿಂದ ಎರಡೂ ದಿಕ್ಕಿಗೆ ಒಂದೊಂದೇ ಹೊಲಿಗೆ ಎತ್ತುತ್ತಾ ಹೋಗಿ, ಪ್ರತಿ ಕಡೆ ಸುಮಾರು 15 ಸೆಂ.ಮೀ. ದಾರ ಸಿಗುವವರೆಗೆ. ಅಂದರೆ ಕೆಟ್ಟದ್ದರ ಜೊತೆ ಒಂದಿಷ್ಟು ಒಳ್ಳೆಯ ಹೊಲಿಗೆಯನ್ನೂ ಕಳೆದುಕೊಳ್ಳಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಸಿಕ್ಕ ದಾರಕ್ಕೆ ಬಟ್ಟೆಯ ಹತ್ತಿರ ಸಣ್ಣ ಗಂಟು ಹಾಕಿ, ಸೂಜಿಗೆ ಪೋಣಿಸಿ, ಕೊನೆಯ ಹೊಲಿಗೆ ಇಳಿಯಬೇಕಾದ ಜಾಗದಲ್ಲೇ ಚುಚ್ಚಿ, ಅಡಿಬಟ್ಟೆ ಮುಟ್ಟದೆ ವ್ಯಾಡಿಂಗ್ ಒಳಗೇ ಎರಡು ಮೂರು ಸೆಂ.ಮೀ. ಸಾಗಿ ಮೇಲೆ ತನ್ನಿ. ಮೆಲ್ಲಗೆ ಜಗ್ಗಿದರೆ ಗಂಟು ಮೇಲ್ಬಟ್ಟೆ ತೂರಿ ಒಳಗೆ ಕೂರುತ್ತದೆ, ಹೊರಗುಳಿದ ದಾರವನ್ನು ಬಟ್ಟೆಗೆ ಸಮನಾಗಿ ಕತ್ತರಿಸಿ. ಹೊಸ ದಾರ 45 ಸೆಂ.ಮೀ.ಗಿಂತ ಉದ್ದ ಬೇಡ, ಅದರ ಗಂಟನ್ನೂ ಹೀಗೇ ಒಳಗೆ ಎಳೆದುಕೊಂಡು ಶುರುಮಾಡಿ. ಹಳೆಯ ತೂತುಗಳು ಕಂಡರೆ ಉಗುರಿನಿಂದ ಎರಡೂ ದಿಕ್ಕಿಗೆ ಸವರಿ, ಎಳೆಗಳು ಕೂಡಿಕೊಳ್ಳುತ್ತವೆ. ಬೆಡ್‌ಶೀಟಿನ ಕಡೆ ಮಾತ್ರ ತೂತು ಒಂದು ಒಗೆತ ಆಗುವವರೆಗೆ ಕಾಣುತ್ತಲೇ ಇರುತ್ತದೆ.